ಉಪ್ಪಿನಕಾಯಿ ದ್ರವವೇ?

ವಿಮಾನ ನಿಲ್ದಾಣದ ತಪಾಸಣೆ ಸಾಲಿನಲ್ಲಿ ನಿಂತಾಗ ಎದುರಿಗೆ ಒಂದು ಹಲಗೆ ಇರ್ತದೆ. ಅದರ ಮೇಲೆ ಬಾಟಲಿಯ ಚಿತ್ರ, ಅದಕ್ಕೊಂದು ಕೆಂಪು ಗೆರೆ, ಕೆಳಗೆ "100 ಮಿ.ಲೀ. ಮೀರಿದ ದ್ರವಗಳಿಗೆ ಅವಕಾಶವಿಲ್ಲ" ಎಂಬ ಒಂದು ಸಾಲು. ದಿನಾ ಇಷ್ಟು ಜನ ಓದುವ, ಓದಿಯೂ ಇಷ್ಟು ಜನ ತಪ್ಪು ತಿಳಿಯುವ ಇನ್ನೊಂದು ವಾಕ್ಯ ಸಿಗೋದು ಕಷ್ಟ. ಕತೆ, ಕಾದಂಬರಿಗೆ ವಿಮರ್ಶೆ ಬರೀತಾರಲ್ಲ, ಹಂಗೇ ಈ ಒಂದು ಸಾಲಿಗೂ ಒಂದು ವಿಮರ್ಶೆ ಬೇಕು ಅಂತ ನನಗೆ ಬಹಳ ದಿನದಿಂದ ಅನಿಸಿತ್ತು.

ನಮ್ಮ ಹುಮನಾಬಾದ, ಬಸವಕಲ್ಯಾಣದ ಕಡೆಯವರಿಗೆ ಪರದೇಶಕ್ಕೆ ಹೋಗುವ ಬಾಗಿಲು ಅಂದ್ರೆ ಹೈದರಾಬಾದು. ಹೆದ್ದಾರಿ ಹಿಡಿದ್ರೆ ಮೂರ್ನಾಲ್ಕು ತಾಸು. ಬೆಂಗಳೂರಿಗಾದ್ರೆ ಒಂದು ಇಡೀ ರಾತ್ರಿ. ಗಲ್ಫ್‌ಗೆ ದುಡಿಯಲಿಕ್ಕೆ ಹೋಗುವವರು, ಹಜ್‌ಗೆ ಹೋಗುವವರು, ಮಗ ಸೊಸೆ ಇದ್ದಲ್ಲಿ ಬಾಣಂತನಕ್ಕೆ ಹೋಗುವ ತಾಯಂದಿರು, ಎಲ್ಲಾ ಅಲ್ಲಿಂದಲೇ ಹೋಗೋದು. ಇವರಲ್ಲಿ ಬಹಳ ಮಂದಿಗೆ ಅದು ಮೊದಲನೇ ವಿಮಾನ. ಚೀಲ ಕಟ್ಟೋರು ಮನೆ ಮಂದಿಯೆಲ್ಲ, ಆದ್ರೆ ತಟ್ಟೆಯ ಮುಂದೆ ನಿಂತು ಉತ್ತರ ಕೊಡೋರು ಒಬ್ಬರೇ. ಅದಕ್ಕೇ ಆ ಸಾಲು ಏನು ಹೇಳ್ತದೆ, ಏನು ಹೇಳೋದಿಲ್ಲ ಅಂತ ಮನೆಯಲ್ಲೇ ಕೂತು ಬಿಡಿಸಿ ನೋಡೋದು ಒಳ್ಳೇದು.

ಮೊದಲು ಇದು ಎಲ್ಲಿಂದ ಬಂತು ಅಂತ ನೋಡೋಣ. 2006ರ ಆಗಸ್ಟ್ 10ರಂದು ಬ್ರಿಟನ್ನಿನ ಪೊಲೀಸರು ಒಂದು ಸಂಚು ಬಯಲು ಮಾಡಿದರು. ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ತಂಪು ಪಾನೀಯದ ಬಾಟಲಿಯೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಆಧಾರಿತ ಸ್ಫೋಟಕ ತುಂಬಿಕೊಂಡು ಹೋಗುವ ಯೋಜನೆ ಅದು. ಆ ದಿನವೇ ಕೈಚೀಲದಲ್ಲಿ ದ್ರವ ಪೂರ್ತಿ ಬಂದ್ ಆಯ್ತು. ಆದ್ರೆ ಪೂರ್ತಿ ಬಂದ್ ಬಹಳ ದಿನ ನಡೆಸಲಿಕ್ಕೆ ಆಗೋದಿಲ್ಲ. ಸೆಪ್ಟೆಂಬರಿನಲ್ಲಿ ಅಮೆರಿಕ, ನವೆಂಬರಿನಲ್ಲಿ ಯುರೋಪು ಸ್ವಲ್ಪ ಸಡಿಲ ಮಾಡಿ, ಒಂದೊಂದು ಡಬ್ಬಿ 100 ಮಿ.ಲೀ. ಒಳಗಿರಬೇಕು, ಎಲ್ಲಾ ಡಬ್ಬಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡೀಬೇಕು ಅಂದವು. ಮುಂದೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅದನ್ನೇ ಎಲ್ಲಾ ದೇಶಗಳಿಗೆ ಶಿಫಾರಸು ಮಾಡಿತು. ನಮ್ಮಲ್ಲಿ ಅಂತರರಾಷ್ಟ್ರೀಯ ಹಾರಾಟಗಳಿಗೆ ಇರೋದೂ ಅದೇ.

ಇಲ್ಲೊಂದು ಪ್ರಶ್ನೆ ಬರ್ತದೆ. ಯಂತ್ರ ಇದೆಯಲ್ಲ, ಒಳಗಿರೋದು ನೀರೋ ಮತ್ತೊಂದೋ ಅಂತ ಅದೇ ಹೇಳಬಾರದೇ? ಹಳೇ ಎಕ್ಸ್‌ರೇ ಯಂತ್ರ ಕಬ್ಬಿಣ ಯಾವುದು, ಬಟ್ಟೆ ಯಾವುದು ಅಂತ ಚಲೋ ಹೇಳ್ತದೆ. ಆದ್ರೆ ನೀರು, ಶಾಂಪೂ, ಪೆರಾಕ್ಸೈಡ್ ಇವೆಲ್ಲ ಅದರ ಕಣ್ಣಿಗೆ ಹೆಚ್ಚು ಕಡಿಮೆ ಒಂದೇ ಬಣ್ಣ, ಒಂದೇ ಸಾಂದ್ರತೆ. ಅದೂ ಮೇಲಿಂದ ತೆಗೆದ ಒಂದು ಚಪ್ಪಟೆ ಚಿತ್ರದಲ್ಲಿ ಪುಸ್ತಕ, ಚಾರ್ಜರ್, ಬಾಟಲಿ ಒಂದರ ಮೇಲೊಂದು ಬಿದ್ದಾಗ ಬೇರ್ಪಡಿಸೋದು ಇನ್ನೂ ಕಷ್ಟ. "ಇದು ಏನು" ಅಂತ ಹೇಳಲಿಕ್ಕೆ ಬರೋದಿಲ್ಲ, ಅದಕ್ಕೇ "ಇದು ಎಷ್ಟು" ಅಂತ ಕೇಳುವ ನಿಯಮ ಬಂತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಮೂಲ ದೋಷ ಸರಿ ಮಾಡಲಿಕ್ಕೆ ಟೈಮಿಲ್ಲದಾಗ ಹಾಕಿದ ಒಂದು ಪ್ಯಾಚ್. ಇಂಥ ಪ್ಯಾಚ್‌ಗಳಿಗೆ ಆಯುಷ್ಯ ಜಾಸ್ತಿ. ಇದು ಹುಟ್ಟಿ ಸುಮಾರು 20 ವರ್ಷ ಆಯ್ತು.

ಕಾರಣ ಗೊತ್ತಾದ್ರೆ ಹಲಗೆಯ ಮೊದಲನೇ ದೋಷ ಕಾಣ್ತದೆ. ಅದು "ದ್ರವ" ಅನ್ನೋ ಶಬ್ದ. ಶಾಲೆಯಲ್ಲಿ ನಾವು ಕಲಿತದ್ದು ಘನ, ದ್ರವ, ಅನಿಲ. ದ್ರವ ಅಂದ್ರೆ ಸುರಿದರೆ ಹರೀಬೇಕು, ಪಾತ್ರೆಯ ಆಕಾರ ತಗೋಬೇಕು. ಈ ಅರ್ಥದ ಪ್ರಕಾರ ಟೂತ್‌ಪೇಸ್ಟ್ ದ್ರವ ಅಲ್ಲ. ಮಾವಿನಕಾಯಿ ಉಪ್ಪಿನಕಾಯಿ ಅಲ್ಲ. ಝಂಡು ಬಾಮ್ ಅಲ್ಲ. ವ್ಯಾಸಲೀನ್ ಅಂತೂ ಡಬ್ಬಿ ಬೋರಲು ಹಾಕಿದ್ರೂ ಬೀಳೋದಿಲ್ಲ. ಆದ್ರೆ ಇವೆಲ್ಲ ನಿಯಮದೊಳಗೆ ಬರ್ತಾವೆ, ಯಾಕಂದ್ರೆ ಮೂಲ ನಿಯಮ ದ್ರವದ ಬಗ್ಗೆ ಮಾತ್ರ ಅಲ್ಲ. ದ್ರವ, ಏರೋಸಾಲ್, ಜೆಲ್ ಮೂರರ ಬಗ್ಗೆ. ಯುರೋಪಿನ ನಿಯಮದಲ್ಲಿ ಪೇಸ್ಟು, ಲೋಷನ್ನು, ದ್ರವ ಮತ್ತು ಘನ ಕೂಡಿದ ಮಿಶ್ರಣ, ಒತ್ತಡದ ಡಬ್ಬಿಯಲ್ಲಿ ಇರೋದು, ಇವನ್ನೆಲ್ಲ ಹೆಸರಿಟ್ಟು ಸೇರಿಸಿದ್ದಾರೆ. ಕನ್ನಡಕ್ಕೆ ಬರುವಾಗ ಮೂರು ಹೋಗಿ ಒಂದೇ ಉಳೀತು.

ಸಾಲಿನಲ್ಲಿ ಒಮ್ಮೆ ನನ್ನ ಮುಂದೆ ನಮ್ಮ ಕಡೆಯ ಒಬ್ಬ ಕಾಕಿ ಇದ್ದರು. ಉಪ್ಪಿನಕಾಯಿ ಡಬ್ಬಿ ತೆಗೆದಿಟ್ಟಾಗ, "ಅಣ್ಣಾ, ಇದು ನೀರಲ್ಲರಿ, ಹೋಳು ಅದಾವ, ತೆಗದು ತೋರಿಸ್ಲಾ?" ಅಂದರು. ಶಬ್ದದ ಪ್ರಕಾರ ಆ ಕಾಕಿ ಹೇಳಿದ್ದು ಪೂರ್ತಿ ಸರಿ. ಹಲಗೆ ಓದಿದವರ ತಪ್ಪಲ್ಲ, ಬರೆದವರ ತಪ್ಪು.

ಹಂಗಾದ್ರೆ ಸರಿಯಾದ ಪರೀಕ್ಷೆ ಯಾವುದು? ಮನೆಯಲ್ಲಿ ಹೀಗೆ ಕೇಳಿಕೊಳ್ಳಿ: ಈ ವಸ್ತುವನ್ನ ಸುರೀಬಹುದಾ, ಸವರಬಹುದಾ, ಹಿಂಡಬಹುದಾ, ಫುಸ್ ಅಂತ ಹೊಡೀಬಹುದಾ? ಒಂದಕ್ಕೆ ಹೌದು ಅಂತ ಬಂದ್ರೂ ಅದು ದ್ರವದ ಲೆಕ್ಕ. ಅಚ್ಚು ಬೆಲ್ಲ ಘನ, ಕಾಕಂಬಿ ದ್ರವ. ಸಾಬೂನು ಘನ, ಫೇಸ್‌ವಾಶ್ ದ್ರವ. ವಿಭೂತಿ ಗಟ್ಟಿ ಘನ. ಕಡ್ಡಿ ಕಾಡಿಗೆ ಸಾಮಾನ್ಯವಾಗಿ ಘನ, ಡಬ್ಬಿಯ ಕಾಡಿಗೆ ದ್ರವದ ಲೆಕ್ಕ. ಲಿಪ್‌ಸ್ಟಿಕ್ ಘನ, ಲಿಪ್ ಗ್ಲಾಸ್ ದ್ರವ. ಒಣ ಶೇಂಗಾ ಹಿಂಡಿ ಪುಡಿ, ಅದಕ್ಕೇ ಎಣ್ಣೆ ಕಲಸಿ ಡಬ್ಬಿಗೆ ತುಂಬಿದ್ರೆ ಅದು ಸವರುವ ಪದಾರ್ಥ ಆಯ್ತು.

ಈ ಪರೀಕ್ಷೆಯೂ ಒಂದು ಕಡೆ ತಡವರಿಸ್ತದೆ: ಕೊಬ್ಬರಿ ಎಣ್ಣೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಗಟ್ಟಿಯಾಗ್ತದೆ. ಡಿಸೆಂಬರಿನಲ್ಲಿ ನಮ್ಮ ಕಡೆ ಮುಂಜಾನೆ ಎದ್ದು ನೋಡಿದ್ರೆ ಬಾಟಲಿಯೊಳಗೆ ಬಿಳೀ ಕಲ್ಲಿನಂಗೆ ಕೂತಿರ್ತದೆ. ಹುಮನಾಬಾದಿನ ಮನೆಯಲ್ಲಿ ಘನ, ಕಾರಿನ ಡಿಕ್ಕಿಯೊಳಗೆ ಮೆತ್ತಗೆ, ನಿಲ್ದಾಣಕ್ಕೆ ಬರೋದ್ರೊಳಗೆ ದ್ರವ. ಅಮೆರಿಕದ ತಪಾಸಣೆಯವರು ತಟ್ಟೆಗೆ ಬಂದ ಕ್ಷಣದಲ್ಲಿ ಪೂರ್ತಿ ಹೆಪ್ಪುಗಟ್ಟಿದ ದ್ರವವನ್ನ ಘನ ಅಂತ ಒಪ್ಪಿಕೊಳ್ತಾರೆ, ಸ್ವಲ್ಪ ಕರಗಿದ್ರೂ ಒಪ್ಪೋದಿಲ್ಲ. ಆ ಮಾತು ಇಲ್ಲಿ ನಡೀತದೆ ಅಂತ ನಂಬಿ ಹೋಗಬಾರದು. ಗಟ್ಟಿ ಎಣ್ಣೆಯನ್ನೂ ಎಣ್ಣೆ ಅಂತಲೇ ತಿಳಿದು ಕಟ್ಟಿದ್ರೆ ಯಾವ ಊರಲ್ಲೂ ತಂಟೆ ಇಲ್ಲ.

ಎರಡನೇ ದೋಷ "100 ಮಿ.ಲೀ. ಮೀರಿದ ದ್ರವ" ಅನ್ನೋದರಲ್ಲಿದೆ. ಓದಿದವರಿಗೆ ಅನಿಸೋದು, ಒಳಗಿರುವ ಪದಾರ್ಥ 100 ಮಿ.ಲೀ. ಮೀರಬಾರದು ಅಂತ. ಅದಕ್ಕೇ 200 ಮಿ.ಲೀ. ಶಾಂಪೂ ಬಾಟಲಿಯಲ್ಲಿ ತಳಕ್ಕೆ ಸ್ವಲ್ಪ ಉಳಿದಿದ್ದನ್ನ ತರ್ತಾರೆ. ಆದ್ರೆ ನಿಯಮ ಅಳೆಯೋದು ಪದಾರ್ಥವನ್ನಲ್ಲ, ಡಬ್ಬಿಯನ್ನ. 200ರ ಬಾಟಲಿಯಲ್ಲಿ ಒಂದು ಚಮಚ ಇದ್ದರೂ ಅದು 200ರ ಬಾಟಲಿ. ಅನ್ಯಾಯ ಅನಿಸಿದ್ರೂ ಕಾರಣ ಸರಳ: ತಪಾಸಣೆ ಮಾಡುವವರ ಕೈಯಲ್ಲಿ ಅಳತೆ ಪಾತ್ರೆ ಇಲ್ಲ, ಡಬ್ಬಿ ಮೇಲೆ ಮುದ್ರಿಸಿದ ಸಂಖ್ಯೆ ಮಾತ್ರ ಇದೆ. ನೂರಾರು ಜನ ಸಾಲಿನಲ್ಲಿ ನಿಂತಾಗ ಯಾರ ಬಾಟಲಿಯಲ್ಲಿ ಎಷ್ಟು ಉಳಿದಿದೆ ಅಂತ ಅಂದಾಜು ಹಾಕ್ತಾ ಕೂತ್ರೆ ಪ್ರತಿಯೊಂದೂ ಜಗಳ ಆಗ್ತದೆ. ಹಲಗೆ ಮೇಲೆ "ದ್ರವ" ತೆಗೆದು "ಡಬ್ಬಿ" ಅಂತ ಬರೆದಿದ್ರೆ ಅರ್ಧ ಜಗಳ ಅಲ್ಲೇ ಮುಗೀತಿತ್ತು.

ಇದಕ್ಕೆ ಇನ್ನೊಂದು ಗಂಟು ಇದೆ. ಟೂತ್‌ಪೇಸ್ಟ್ ಮೇಲೆ ಮಿ.ಲೀ. ಇರೋದಿಲ್ಲ, ಗ್ರಾಂ ಇರ್ತದೆ. ಪೇಸ್ಟು ನೀರಿಗಿಂತ ಭಾರ. 100 ಗ್ರಾಂ ಪೇಸ್ಟು ಸುಮಾರು 75 ಮಿ.ಲೀ. ಆಗ್ತದೆ. ಎಣ್ಣೆ ನೀರಿಗಿಂತ ಹಗುರ. 100 ಗ್ರಾಂ ಎಣ್ಣೆ 100 ಮಿ.ಲೀ. ದಾಟ್ತದೆ. ಲೆಕ್ಕ ಹಾಕಿದ್ರೆ 120 ಗ್ರಾಂ ಟೂತ್‌ಪೇಸ್ಟು ನಿಯಮದೊಳಗೇ ಬರ್ತದೆ. ಆದ್ರೆ ತಟ್ಟೆ ಮುಂದೆ ನಿಂತು ಸಾಂದ್ರತೆಯ ಪಾಠ ಹೇಳಲಿಕ್ಕೆ ಆಗೋದಿಲ್ಲ, ಅವರಿಗೆ ಕಾಣೋದು 120 ಅನ್ನೋ ಸಂಖ್ಯೆ. ಗ್ರಾಂ ಇರಲಿ, ಮಿ.ಲೀ. ಇರಲಿ, ಮೇಲಿನ ಸಂಖ್ಯೆ 100ಕ್ಕಿಂತ ಸಾಕಷ್ಟು ಕೆಳಗಿದ್ರೆ ಮಾತೇ ಬರೋದಿಲ್ಲ.

ಮೂರನೇ ದೋಷ ದೊಡ್ಡದು, ಮತ್ತು ಅದು ನಮ್ಮ ಜಿಲ್ಲೆಯವರಿಗೆ ಜಾಸ್ತಿ ತಟ್ತದೆ. ಈ ನಿಯಮ ಯಾವ ಹಾರಾಟಕ್ಕೆ ಅಂತ ಹಲಗೆ ಹೇಳೋದಿಲ್ಲ. 2020ರ ಫೆಬ್ರವರಿಯಲ್ಲಿ ಬೀದರಿನಿಂದ ಬೆಂಗಳೂರಿಗೆ ವಿಮಾನ ಶುರುವಾಯ್ತು. ನಡುವೆ ನಿಂತು 2025ರಲ್ಲಿ ಮತ್ತೆ ಹಾರಿತು. ದೇಶದೊಳಗಿನ ಹಾರಾಟದಲ್ಲಿ ಕುಡಿಯುವ ನೀರಿನ ಬಾಟಲಿಯನ್ನ ಸಾಮಾನ್ಯವಾಗಿ ಬಿಡ್ತಾರೆ, ಕೆಲವೊಮ್ಮೆ ಒಂದು ಗುಟುಕು ಕುಡಿದು ತೋರಿಸಿ ಅಂತಾರೆ. ಈಗ ಒಬ್ಬರು ಬೀದರಿನಲ್ಲಿ ಹತ್ತಿ, ಬೆಂಗಳೂರಲ್ಲಿ ಇಳಿದು, ಅಲ್ಲಿಂದ ಪರದೇಶದ ವಿಮಾನ ಹಿಡೀತಾರೆ ಅಂತ ಇಟ್ಕೊಳ್ಳಿ. ಬೀದರಿನಲ್ಲಿ ಪಾಸಾದ ಅದೇ ಬಾಟಲಿ ಬೆಂಗಳೂರಲ್ಲಿ ನಪಾಸು. "ಅಲ್ಲಿ ಬಿಟ್ಟಾರ, ಇಲ್ಲಿ ಯಾಕ ಬಿಡಲ್ರಿ" ಅನ್ನೋ ಪ್ರಶ್ನೆಗೆ ಹಲಗೆಯಲ್ಲಿ ಉತ್ತರ ಇಲ್ಲ. ಉತ್ತರ ಇಷ್ಟೇ: ಚೀಲ ಒಂದೇ ಆದ್ರೂ ಹಾರಾಟ ಎರಡು, ನಿಯಮವೂ ಎರಡು. ಎಷ್ಟು ಕಡೆ ತಪಾಸಣೆ ಆಗ್ತದೋ ಅದರಲ್ಲಿ ಎಲ್ಲಕ್ಕಿಂತ ಬಿಗಿಯಾದದ್ದು ಯಾವುದೋ, ಅದಕ್ಕೆ ಮನೆಯಲ್ಲೇ ಚೀಲ ಹೊಂದಿಸಬೇಕು.

ಇನ್ನೊಂದು ಮಾತು. ದ್ರವದ ನಿಯಮ ಇರೋದು ಸ್ಫೋಟಕದ ಭಯಕ್ಕೆ, ಅದೂ ಕೈಚೀಲಕ್ಕೆ ಮಾತ್ರ. ಡಿಕ್ಕಿಗೆ ಹೋಗುವ ದೊಡ್ಡ ಲಗೇಜಿಗೆ ಬೇರೆ ನಿಯಮ, ಅದು ಬೆಂಕಿಯ ಭಯಕ್ಕೆ. ಸೆಂಟು, ಸ್ಪ್ರೇ, ಹೇರ್ ಸ್ಪ್ರೇ ಇಂಥವು ಅಲ್ಲಿ ಒಂದೊಂದು ಡಬ್ಬಿ ಅರ್ಧ ಲೀಟರ್ ಅಥವಾ ಅರ್ಧ ಕಿಲೋ ಮೀರಬಾರದು, ಒಬ್ಬರಿಗೆ ಎಲ್ಲಾ ಕೂಡಿ ಎರಡು ಲೀಟರ್ ಅಥವಾ ಎರಡು ಕಿಲೋ ಮೀರಬಾರದು. ಒಣ ಕೊಬ್ಬರಿ ಎಣ್ಣೆಯ ಅಂಶದಿಂದ ಬೆಂಕಿ ಹತ್ತುವ ಪದಾರ್ಥ ಅಂತ ನಮ್ಮ ದೇಶದಲ್ಲಿ ನಿಷೇಧದ ಪಟ್ಟಿಗೆ ಸೇರಿದೆ. ಹಂಗಾಗಿ "ಕೈಚೀಲದಲ್ಲಿ ಬೇಡ ಅಂದ್ರು, ದೊಡ್ಡ ಚೀಲಕ್ಕೆ ಹಾಕು" ಅನ್ನೋದು ಎಲ್ಲದಕ್ಕೂ ನಡಿಯೋದಿಲ್ಲ. ಉಪ್ಪಿನಕಾಯಿಗೆ, ಶಾಂಪೂಗೆ ನಡೀತದೆ.

ಈಗ ಒಂದು ಚೀಲ ಕಟ್ಟಿ ನೋಡೋಣ. ಬಸವಕಲ್ಯಾಣದ ಒಬ್ಬ ಅಕ್ಕ ಹೈದರಾಬಾದಿನಿಂದ ದುಬೈ ಮೇಲೆ ಲಂಡನ್ನಿಗೆ ಮಗಳ ಮನೆಗೆ ಹೊರಟಿದ್ದಾರೆ ಅಂತ ಇಟ್ಕೊಳ್ಳಿ. ಕೈಚೀಲಕ್ಕೆ ಅಂತ ಮನೆಯಲ್ಲಿ ತೆಗೆದಿಟ್ಟದ್ದು: 250 ಮಿ.ಲೀ. ಕೊಬ್ಬರಿ ಎಣ್ಣೆ, 150 ಗ್ರಾಂ ಟೂತ್‌ಪೇಸ್ಟು, 180ರ ಶಾಂಪೂ, ಬಾಮ್, ಮುಖಕ್ಕೆ ಹಚ್ಚುವ ಕ್ರೀಮು, ಅತ್ತರಿನ ಸಣ್ಣ ಬಾಟಲಿ, ಕೆಮ್ಮಿನ ಸಿರಪ್ಪು, ಸಾಬೂನು, ವಿಭೂತಿ, ಸ್ಟೀಲ್ ಡಬ್ಬಿಯಲ್ಲಿ ಉಪ್ಪಿನಕಾಯಿ.

ಮೊದಲು ಕೇಳಬೇಕಾದದ್ದು, ವಿಮಾನದೊಳಗೆ ಏನು ಬೇಕು? ಎರಡೂ ಹಾರಾಟ, ನಡುವಿನ ಕಾಯೋದು, ದೊಡ್ಡ ಲಗೇಜು ಒಂದು ದಿನ ತಡವಾದ್ರೆ ಅನ್ನೋ ಮುನ್ನೆಚ್ಚರಿಕೆ, ಇಷ್ಟಕ್ಕೆ ಸಾಕಾಗುವಷ್ಟು ಮಾತ್ರ. ಉಪ್ಪಿನಕಾಯಿ ದೊಡ್ಡ ಲಗೇಜಿಗೆ ಹೋಗ್ಲಿ. ಮೆಣಸಿನಕಾಯಿ ಉಪ್ಪಿನಕಾಯಿ ಅಂತೂ ವಿಮಾನ ಕಂಪನಿಗಳು ಕೈಚೀಲಕ್ಕೆ ಬೇಡ ಅಂತ ಬೇರೆಯಾಗಿಯೇ ಹೇಳ್ತಾವೆ. ಸ್ಟೀಲ್ ಡಬ್ಬಿ ಎಕ್ಸ್‌ರೇಯಲ್ಲಿ ಕಪ್ಪಗೆ ಕಾಣ್ತದೆ, ತೆಗೆಸಿ ನೋಡೇ ನೋಡ್ತಾರೆ, ಅದಕ್ಕೇ ಕೈಚೀಲದಲ್ಲಿ ಯಾವುದನ್ನೂ ಅದರಲ್ಲಿ ಹಾಕಬೇಡಿ. ಇನ್ನು ಯಾರಾದರೂ ತುಪ್ಪದ ಡಬ್ಬಿ ತಂದಿಟ್ಟರೆ ಮನೆಯಲ್ಲೇ ಬಿಡ್ರಿ. ಅಲ್ಲಿ ಅಡ್ಡ ಬರೋದು ತಪಾಸಣೆ ಅಲ್ಲ, ಹೊರದೇಶದ ಹಾಲಿನ ಪದಾರ್ಥ ತರಬಾರದು ಅನ್ನೋ ಬ್ರಿಟನ್ನಿನ ಕಾನೂನು.

ಎಣ್ಣೆಯನ್ನ 50 ಮಿ.ಲೀ.ಯ ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಬಗ್ಗಿಸಿ. ಪೇಸ್ಟು 40 ಗ್ರಾಂ ಟ್ಯೂಬು ಸಾಕು. ಶಾಂಪೂವಿಗೆ ಎಲ್ಲಕ್ಕಿಂತ ಚಲೋ ಉಪಾಯ ನಮ್ಮ ಊರ ಕಿರಾಣಿ ಅಂಗಡಿಯಲ್ಲಿ ಹಾರದಂಗೆ ನೇತು ಬಿದ್ದಿರುವ ಪಾಕೀಟು. ಒಂದೊಂದು ಆರೇಳು ಮಿ.ಲೀ., ಮೇಲೆ ಅಳತೆ ಮುದ್ರಿಸಿರ್ತದೆ, ಒಮ್ಮೆ ಹರಿದು ಮುಗಿಸಿದ್ರೆ ಡಬ್ಬಿಯೇ ಇಲ್ಲ. ದುಡ್ಡು ಕೊಟ್ಟು "ಟ್ರಾವೆಲ್ ಕಿಟ್" ತರೋದಕ್ಕಿಂತ ಇದು ಎಷ್ಟೋ ವಾಸಿ. ಲೆಕ್ಕ ನೋಡಿ: ಎಣ್ಣೆ 50, ಪೇಸ್ಟು ಸುಮಾರು 30, ಆರು ಪಾಕೀಟು ಶಾಂಪೂ 40, ಬಾಮ್ 10, ಕ್ರೀಮು 25, ಅತ್ತರು 10. ಒಟ್ಟು 165 ಮಿ.ಲೀ. ಒಂದು ಲೀಟರಿನ ಚೀಲದಲ್ಲಿ ಕಾಲು ಭಾಗವೂ ತುಂಬಲಿಲ್ಲ. ಜನ ಹೆದರೋದು ಒಂದು ಲೀಟರಿಗೆ, ಸಿಕ್ಕಿಬೀಳೋದು ಯಾವಾಗಲೂ ಒಂದು ದೊಡ್ಡ ಡಬ್ಬಿಯಿಂದ.

ಚೀಲ ಅಂದ್ರೆ ಸುಮಾರು 20 ಸೆಂಟಿಮೀಟರ್ ಉದ್ದ, 20 ಅಗಲದ, ಜಿಪ್ ಒತ್ತಿ ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ ಚೀಲ. ಅದು ಬಿಗಿಯದೆ ಮುಚ್ಚಬೇಕು. ನೂರು ನೂರರ ಹತ್ತು ದುಂಡು ಬಾಟಲಿ ಲೆಕ್ಕಕ್ಕೆ ಒಂದು ಲೀಟರೇ, ಆದ್ರೆ ನಡುವೆ ಸಂದು ಉಳಿಯೋದ್ರಿಂದ ಜಿಪ್ಪು ಬೀಳೋದಿಲ್ಲ. ಸಾಬೂನು, ವಿಭೂತಿ ಇದರೊಳಗೆ ಬೇಡ, ಅವು ಘನ. ಕೆಮ್ಮಿನ ಸಿರಪ್ಪು 100 ಮೀರಿದ್ರೂ ಪ್ರಯಾಣಕ್ಕೆ ಬೇಕಾದ ಔಷಧಕ್ಕೆ ವಿನಾಯಿತಿ ಇದೆ. ಹೆಸರಿರುವ ಡಾಕ್ಟರ ಚೀಟಿ ಜೊತೆಗಿರಲಿ, ಚೀಲದ ಹೊರಗೆ ಬೇರೆಯಾಗಿ ತೋರಿಸಿ. ಎಳೆ ಕೂಸಿನ ಹಾಲಿಗೂ ಹಂಗೇ.

ಮುಚ್ಚುವ ಮುಂಚೆ ಪ್ರತಿ ಬಾಟಲಿಯನ್ನ ಸ್ವಲ್ಪ ಒತ್ತಿ ಗಾಳಿ ಹೊರಗೆ ಹಾಕಿ ಮುಚ್ಚಳ ತಿರುಗಿಸಿ. ಮೇಲೆ ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿದ್ದದ್ದರ ಮುಕ್ಕಾಲು ಭಾಗಕ್ಕೆ ಇಳೀತದೆ. ಒಳಗೆ ಸಿಕ್ಕ ಗಾಳಿ ಉಬ್ಬಿ ಎಣ್ಣೆಯನ್ನ ಹೊರಗೆ ನೂಕ್ತದೆ. ಮುಚ್ಚಳದ ಕೆಳಗೆ ಒಂದು ಚೂರು ಪ್ಲಾಸ್ಟಿಕ್ ಹಾಳೆ ಇಟ್ಟು ತಿರುಗಿಸಿದ್ರೆ ಇನ್ನೂ ಭದ್ರ. ಈ ಚೀಲ ಕೈಚೀಲದ ಮೇಲಿನ ಖಾನೆಯಲ್ಲಿರಲಿ, ತಟ್ಟೆಗೆ ಇಡುವಾಗ ಸೀರೆ ಸರಿಸಿ ಹುಡುಕುವಂಗಾಗಬಾರದು. ನೀರಿನ ಬಾಟಲಿ ಖಾಲಿ ಒಯ್ದರೆ ಅಡ್ಡಿಯಿಲ್ಲ, ತಪಾಸಣೆ ದಾಟಿ ಒಳಗೆ ತುಂಬಿಕೊಳ್ಳಬಹುದು.

ದುಬೈನಲ್ಲಿ ಮತ್ತೊಮ್ಮೆ ತಪಾಸಣೆ ಆಗ್ತದೆ. ಹೈದರಾಬಾದಿನಲ್ಲಿ ಒಳಗೆ ಹೋದಮೇಲೆ ತುಂಬಿದ ನೀರು ಅಲ್ಲಿ ಚೆಲ್ಲಬೇಕು. ಡ್ಯೂಟಿ ಫ್ರೀಯಲ್ಲಿ ಸೆಂಟು ತಗೊಂಡಿದ್ರೆ, ಅವರು ಸೀಲ್ ಮಾಡಿ ಕೊಟ್ಟ ಕವರನ್ನ, ಒಳಗಿನ ರಸೀದಿ ಸಮೇತ, ಕಡೆಯ ಊರು ಮುಟ್ಟೋತನಕ ಒಡೀಬಾರದು. ವಾಸನೆ ನೋಡೋಣ ಅಂತ ಒಡೆದರೆ ಅದು ಮತ್ತೆ 100ರ ನಿಯಮಕ್ಕೆ ಬಿತ್ತು.

ಇನ್ನು ನಿಯಮದ ಬಗ್ಗೆ ಕಡೆಯ ಮಾತು. ಇದರಲ್ಲಿ ಒಂದು ವಿಚಿತ್ರ ಇದೆ: ಅಪಾಯ ಇರಬಹುದು ಅಂತ ಕಸಿದುಕೊಂಡ ಬಾಟಲಿಗಳನ್ನೆಲ್ಲ ನೂರಾರು ಜನ ನಿಂತ ಜಾಗದ ಪಕ್ಕದಲ್ಲೇ ಒಂದು ಡಬ್ಬದಲ್ಲಿ ಎಸೀತಾರೆ. ಅಂದ್ರೆ ಯಾರೂ ಆ ಶಾಂಪೂ ಸ್ಫೋಟಕ ಅಂತ ನಿಜವಾಗಿ ನಂಬಿಲ್ಲ. ನಿಯಮದ ಕೆಲಸ ಆ ಒಂದು ಬಾಟಲಿ ಹಿಡಿಯೋದಲ್ಲ, ದೊಡ್ಡ ಬಾಟಲಿ ಒಳಗೆ ಹೋಗುವ ದಾರಿಯನ್ನೇ ಮುಚ್ಚೋದು. ಆ ಮಟ್ಟಿಗೆ ಅದು ಕೆಲಸ ಮಾಡ್ತದೆ. ಹೊಸ ಸಿ.ಟಿ. ಯಂತ್ರಗಳು ಚೀಲವನ್ನ ಸುತ್ತಲಿಂದ ನೋಡಿ ಒಳಗಿನ ಪದಾರ್ಥ ಯಾವುದು ಅಂತ ಬಹಳ ಮಟ್ಟಿಗೆ ಹೇಳ್ತಾವೆ; 2023ರಲ್ಲಿ ಲಂಡನ್ ಸಿಟಿ ನಿಲ್ದಾಣ ಅದನ್ನ ನಂಬಿ 100ರ ಮಿತಿ ತೆಗೀತು. ಆದ್ರೆ 2024ರ ಜೂನ್‌ನಲ್ಲಿ ಬ್ರಿಟನ್ನಿನ ಕೆಲವು ನಿಲ್ದಾಣಗಳಲ್ಲಿ ತೆಗೆದ ಮಿತಿಯನ್ನ ಸರ್ಕಾರ ಮತ್ತೆ ಹೇರಿತು. ಹಂಗಾಗಿ "ಅಲ್ಲಿ ಈಗ ನಿಯಮ ಇಲ್ಲಂತ" ಅನ್ನೋ ಮಾತು ಕೇಳಿ ಚೀಲ ಕಟ್ಟಬಾರದು. ಹೋಗುವಾಗ ಇಲ್ಲದ್ದು ಬರುವಾಗ ಇರಬಹುದು.

ಅಷ್ಟು ದಿನದವರೆಗೆ ನಾನು ಕೇಳೋದು ನಿಯಮ ಬದಲಿಸಿ ಅಂತಲ್ಲ, ಹಲಗೆ ಬದಲಿಸಿ ಅಂತ. ಹೀಗೆ ಬರೆದರೆ ಸಾಕು: "ಪರದೇಶಕ್ಕೆ ಹೋಗುವವರು: ಸುರಿಯುವ, ಸವರುವ, ಹಿಂಡುವ, ಸಿಂಪಡಿಸುವ ಯಾವುದೇ ಪದಾರ್ಥದ ಡಬ್ಬಿ 100 ಮಿ.ಲೀ. ಮೀರಬಾರದು, ಅರ್ಧ ಖಾಲಿ ಇದ್ದರೂ. ಉಪ್ಪಿನಕಾಯಿ, ಟೂತ್‌ಪೇಸ್ಟ್, ಎಣ್ಣೆ ಇದರಲ್ಲಿ ಸೇರಿವೆ. ಔಷಧ, ಕೂಸಿನ ಹಾಲು ಇದ್ದರೆ ಮೊದಲೇ ಹೇಳಿ." ಮೂರೇ ವಾಕ್ಯ. ಬಾಟಲಿಯ ಚಿತ್ರದ ಪಕ್ಕ ಒಂದು ಉಪ್ಪಿನಕಾಯಿ ಡಬ್ಬಿಯ ಚಿತ್ರ ಬಿಡಿಸಿದರೆ ಓದಲು ಬಾರದವರಿಗೂ ತಿಳೀತದೆ.